ಆರ್‌ಒಐ ಅಥವಾ ಉಳಿಕೆ ಆದಾಯ: ಡಿವಿಷನ್ ಮ್ಯಾನೇಜರ್ ಕೆಲಸವನ್ನು ಯಾವುದರಿಂದ ಅಳೆಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಇವೆರಡೂ ಏನು ಅಂತ ಚುಟುಕಾಗಿ ಹೇಳಿ.

ಡಿವಿಷನ್ ಗಳಿಸಿದ ಲಾಭವನ್ನು ಅದರಲ್ಲಿ ತೊಡಗಿಸಿದ ಬಂಡವಾಳದಿಂದ ಭಾಗಿಸಿದರೆ ಬರುವ ಶೇಕಡಾವಾರು ಆರ್‌ಒಐ. ಅದೇ ಲಾಭದಿಂದ ಆ ಬಂಡವಾಳದ ವೆಚ್ಚವನ್ನು ಕಳೆದರೆ ಉಳಿಯುವ ಮೊತ್ತ ರೆಸಿಡ್ಯುಯಲ್ ಇನ್‌ಕಮ್. ಇದನ್ನು ಇಲ್ಲಿ ಉಳಿಕೆ ಆದಾಯ ಅಂತ ಕರೆಯುತ್ತೇನೆ. ಒಂದು ಶೇಕಡಾವಾರು, ಇನ್ನೊಂದು ಮೊತ್ತ. ನೋಡೋಕೆ ಚಿಕ್ಕ ವ್ಯತ್ಯಾಸ. ಆದರೆ ಬೋನಸ್ಸನ್ನು ಇದಕ್ಕೆ ಕಟ್ಟಿದ ದಿನದಿಂದ ಮ್ಯಾನೇಜರ್ ಯಾವ ಪ್ರಸ್ತಾವ ಮೇಲಕ್ಕೆ ಕಳಿಸುತ್ತಾರೆ, ಯಾವುದನ್ನು ಸುಮ್ನೆ ಡ್ರಾಯರ್‌ನಲ್ಲಿ ಇಟ್ಟುಬಿಡುತ್ತಾರೆ ಅನ್ನೋದು ಈ ವ್ಯತ್ಯಾಸದ ಮೇಲೇ ನಿಂತಿರುತ್ತದೆ.

ಪುಟದುದ್ದಕ್ಕೂ ಒಂದೇ ಡಿವಿಷನ್ ಇಟ್ಟುಕೊಳ್ಳೋಣ. ಬಂಡವಾಳ 400 ಲಕ್ಷ, ವರ್ಷದ ಲಾಭ 100 ಲಕ್ಷ. ಕಂಪನಿಯ ಬಂಡವಾಳದ ವೆಚ್ಚ 12%. ಹಾಗಾದರೆ ಆರ್‌ಒಐ 25%. ಉಳಿಕೆ ಆದಾಯ ಅಂದರೆ 100ರಲ್ಲಿ 48 ಕಳೆದರೆ ಬರುವ 52 ಲಕ್ಷ.

25% ಗಳಿಸುವ ಮ್ಯಾನೇಜರ್ 18% ತರುವ ಯೋಜನೆಯನ್ನು ಬೇಡ ಅಂತಾರೆ. ಇದು ಸೋಮಾರಿತನವಾ?

ಅಲ್ಲ. ಅವರು ಲೆಕ್ಕ ಸರಿಯಾಗಿ ಮಾಡಿದ್ದಾರೆ, ಅಷ್ಟೇ.

100 ಲಕ್ಷ ಹಾಕಿದರೆ ವರ್ಷಕ್ಕೆ 18 ಲಕ್ಷ ಲಾಭ ಕೊಡುವ ಯೋಜನೆ ಬಂದಿದೆ ಅಂದುಕೊಳ್ಳಿ. ಕಂಪನಿಗೆ ಹಣ ಬಿದ್ದಿರೋದು 12%ಕ್ಕೆ, ಬರ್ತಿರೋದು 18%. ಕಣ್ಣು ಮುಚ್ಚಿ ಒಪ್ಪಬೇಕಾದ ಯೋಜನೆ. ಆದರೆ ಒಪ್ಪಿದ ಮೇಲೆ ಡಿವಿಷನ್‌ನ ಲಾಭ 118, ಬಂಡವಾಳ 500, ಆರ್‌ಒಐ 23.6%. ಅಂದರೆ ಕಂಪನಿಯನ್ನು ಶ್ರೀಮಂತ ಮಾಡಿದ ಮ್ಯಾನೇಜರ್ ವರ್ಷದ ಕೊನೆಗೆ ಮೀಟಿಂಗ್‌ನಲ್ಲಿ ನಿಂತು, 25 ಇದ್ದದ್ದು 23.6ಕ್ಕೆ ಯಾಕೆ ಇಳಿಯಿತು ಅಂತ ಉತ್ತರ ಕೊಡಬೇಕು. ಯಾರು ತಾನೇ ಒಪ್ಪುತ್ತಾರೆ?

ಉಳಿಕೆ ಆದಾಯದಲ್ಲಿ ಅದೇ ಯೋಜನೆ ಹೇಗೆ ಕಾಣುತ್ತೆ ನೋಡಿ. ಲಾಭ 118, ಬಂಡವಾಳದ ವೆಚ್ಚ 60, ಉಳಿದದ್ದು 58. ಮೊದಲು 52 ಇತ್ತು. 6 ಲಕ್ಷ ಜಾಸ್ತಿ. ಯೋಜನೆಯನ್ನು ಒಂಟಿಯಾಗಿ ನೋಡಿದರೂ 18ರಲ್ಲಿ 12 ಹೋದರೆ 6. ಇಲ್ಲಿ ಮ್ಯಾನೇಜರಿಗೂ ಕಂಪನಿಗೂ ಒಂದೇ ಉತ್ತರ ಸಿಗುತ್ತೆ.

ಕಾರಣ ಸರಳ. ಆರ್‌ಒಐ ಒಂದು ಸರಾಸರಿ. ಸರಾಸರಿಗಿಂತ ಕೆಳಗಿನದು ಏನೇ ಸೇರಿದರೂ ಅದು ಇಳಿಯುತ್ತೆ, ಸೇರಿದ್ದು ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಈ ಮ್ಯಾನೇಜರಿಗೆ ನಿಜವಾದ ಗೆರೆ 12% ಅಲ್ಲ, ಅವರದೇ 25%. ಚೆನ್ನಾಗಿ ಕೆಲಸ ಮಾಡಿದಷ್ಟೂ ಗೆರೆ ಮೇಲಕ್ಕೆ ಹೋಗುತ್ತೆ. ಕಂಪನಿಯಲ್ಲಿ ಯಾವ ಡಿವಿಷನ್ ಬೆಳೆಯಬೇಕೋ ಅದೇ ಎಲ್ಲರಿಗಿಂತ ಮೊದಲು ಬೆಳೆಯೋದನ್ನು ನಿಲ್ಲಿಸುತ್ತೆ.

ಕುಂಟುತ್ತಿರುವ ಡಿವಿಷನ್‌ನಲ್ಲಿ ಇದೇ ಆಗುತ್ತಾ?

ಉಲ್ಟಾ ಆಗುತ್ತೆ. 300 ಲಕ್ಷ ಬಂಡವಾಳದ ಮೇಲೆ 24 ಲಕ್ಷ ಗಳಿಸುವ ಡಿವಿಷನ್ ತಗೊಳ್ಳಿ, ಆರ್‌ಒಐ 8%. ಅದರ ಮ್ಯಾನೇಜರ್ 100 ಲಕ್ಷ ಹಾಕಿ 10 ಲಕ್ಷ ತರುವ ಯೋಜನೆ ಹಿಡಿದರೆ, 400ಕ್ಕೆ 34 ಆಗಿ ಆರ್‌ಒಐ 8.5%ಕ್ಕೆ ಏರುತ್ತೆ. ಪ್ರಗತಿ ಅಂತ ಸ್ಲೈಡ್ ಬೀಳುತ್ತೆ. 12%ದ ಹಣವನ್ನು 10%ಕ್ಕೆ ಹಾಕಿದ್ದಾರೆ ಅನ್ನೋದು ಅದರಲ್ಲಿ ಎಲ್ಲೂ ಕಾಣಲ್ಲ. ಉಳಿಕೆ ಆದಾಯ ಮಾತ್ರ ಮೈನಸ್ 12 ಇದ್ದದ್ದು ಮೈನಸ್ 14 ಆಯಿತು ಅಂತ ಹೇಳಿಬಿಡುತ್ತೆ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಗಟ್ಟಿ ಡಿವಿಷನ್ ಒಳ್ಳೆಯ ಯೋಜನೆ ಬಿಡುತ್ತೆ, ದುರ್ಬಲ ಡಿವಿಷನ್ ಕೆಟ್ಟ ಯೋಜನೆ ಹಿಡಿಯುತ್ತೆ. ಕಂಪನಿಯ ಹಣ ಹರಿಯಬಾರದ ಕಡೆಗೇ ಹರಿಯುತ್ತೆ.

ಹೊಸದೇನೂ ಹಾಕದೆ, ಇರುವುದನ್ನು ಮಾರಿಯೂ ಆರ್‌ಒಐ ಏರಿಸಬಹುದಾ?

ಬಹುದು, ಮತ್ತು ಇದು ಸುಲಭವೂ ಹೌದು. ನಮ್ಮ 25% ಡಿವಿಷನ್‌ನಲ್ಲೇ 50 ಲಕ್ಷದ ಒಂದು ಘಟಕ ವರ್ಷಕ್ಕೆ 9 ಲಕ್ಷ ಕೊಡ್ತಿದೆ ಅಂತಿಟ್ಟುಕೊಳ್ಳಿ, ಅಂದರೆ 18%. ಅದನ್ನು ಪುಸ್ತಕ ಬೆಲೆಗೇ, ಅಂದರೆ ಲೆಕ್ಕದ ಪುಸ್ತಕದಲ್ಲಿ ಇರುವ ಬೆಲೆಗೇ ಮಾರಿ ಹಣವನ್ನು ಹೆಡ್ ಆಫೀಸಿಗೆ ಕಳಿಸಿದರೆ ಲಾಭ 91, ಬಂಡವಾಳ 350, ಆರ್‌ಒಐ 26%. ಉಳಿಕೆ ಆದಾಯ ಮಾತ್ರ 52ರಿಂದ 49ಕ್ಕೆ ಇಳಿಯುತ್ತೆ.

ಆರ್‌ಒಐ ಏರುತ್ತಾ ಬಂಡವಾಳ ವರ್ಷ ವರ್ಷ ಕುಗ್ಗುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇಲ್ಲೇ. ಇದಕ್ಕಿಂತ ಮೌನವಾದ ಇನ್ನೊಂದು ರೂಪ ಇದೆ: ಏನನ್ನೂ ಮಾರಲ್ಲ, ಹಳೆಯ ಯಂತ್ರಗಳನ್ನೇ ಎಳೆಯುತ್ತಾ ಹೋಗುತ್ತಾರೆ, ಸವಕಳಿ ಕಳೆದು ಕಳೆದು ಅವುಗಳ ಪುಸ್ತಕ ಬೆಲೆ ಕರಗುತ್ತೆ, ಆರ್‌ಒಐ ತಾನಾಗಿಯೇ ಮೇಲೇರುತ್ತೆ. ಇದನ್ನು ಪತ್ತೆ ಹಚ್ಚೋದು ಕಷ್ಟವಲ್ಲ. ಒಟ್ಟು ಸವಕಳಿಯನ್ನು ಆಸ್ತಿಗಳ ಮೂಲ ಬೆಲೆಯಿಂದ ಭಾಗಿಸಿ ನಾಲ್ಕೈದು ವರ್ಷದ್ದು ಸಾಲಾಗಿ ಬರೆದು ನೋಡಿ. ಅದು ಏರುತ್ತಲೇ ಇದ್ದರೆ ಯಂತ್ರಗಳು ಮುದುಕಾಗ್ತಿವೆ, ಮ್ಯಾನೇಜರ್ ಚುರುಕಾಗ್ತಿಲ್ಲ.

“12%ಕ್ಕಿಂತ ಜಾಸ್ತಿ ಇದ್ದರೆ ಒಪ್ಪಿ” ಅಂತ ಸುತ್ತೋಲೆ ಕಳಿಸಿದರೆ ಸಾಕಲ್ವಾ? ಅಳತೆ ಯಾಕೆ ಬದಲಿಸಬೇಕು?

ತುಂಬಾ ಕಡೆ ಹೀಗೇ ಮಾಡುತ್ತಾರೆ, ಕೆಲಸಕ್ಕೆ ಬರಲ್ಲ. ಆ ನಿಯಮ ಹೇಳೋದು ಮೇಜಿನ ಮೇಲೆ ಬಂದ ಪ್ರಸ್ತಾವದ ಬಗ್ಗೆ. ಮೇಜಿಗೆ ಯಾವುದು ಬರಬೇಕು ಅನ್ನೋದನ್ನು ತೀರ್ಮಾನಿಸೋರು ಮ್ಯಾನೇಜರ್, ಅವರು ನೋಡೋದು ವರ್ಷದ ಕೊನೆಯ ಅಂಕಿಯನ್ನ. ಸುತ್ತೋಲೆ ಒಂದು ಹೇಳಿ ಬೋನಸ್ ಇನ್ನೊಂದು ಹೇಳಿದರೆ ಗೆಲ್ಲೋದು ಬೋನಸ್.

ನಿಮ್ಮಲ್ಲೇ ಪರೀಕ್ಷೆ ಮಾಡಬಹುದು. ಕಳೆದ ಕೆಲವು ವರ್ಷಗಳಲ್ಲಿ ಒಂದೊಂದು ಡಿವಿಷನ್‌ನಿಂದ ಬಂದ ಬಂಡವಾಳದ ಪ್ರಸ್ತಾವಗಳನ್ನು ತೆಗೆದು, ಅವು ತೋರಿಸಿದ ಆರ್‌ಒಐ ಪ್ರಕಾರ ಜೋಡಿಸಿ. 25% ಡಿವಿಷನ್‌ನಿಂದ 12ಕ್ಕೂ 25ಕ್ಕೂ ನಡುವಿನ ಪ್ರಸ್ತಾವ ಒಂದೂ ಬಂದಿಲ್ಲ ಅಂದರೆ ಅಂಥ ಅವಕಾಶಗಳೇ ಇರಲಿಲ್ಲ ಅಂತ ನಂಬಬೇಡಿ. ಅವು ಬರವಣಿಗೆಗೇ ಬಂದಿಲ್ಲ. ತಿರಸ್ಕಾರ ಆದ ಪ್ರಸ್ತಾವಕ್ಕೆ ಒಂದು ಫೈಲಾದರೂ ಇರುತ್ತೆ, ಹುಟ್ಟದೇ ಇದ್ದದ್ದಕ್ಕೆ ಅದೂ ಇರಲ್ಲ. ಆರ್‌ಒಐ ಮಾಡುವ ನಷ್ಟ ವರದಿಗಳಲ್ಲಿ ಸಿಗದೇ ಇರೋದಕ್ಕೆ ಇದೇ ಕಾರಣ.

ಆ 12% ಎಲ್ಲಿಂದ ಬರುತ್ತೆ? ಎಲ್ಲ ಡಿವಿಷನ್‌ಗೂ ಒಂದೇ ದರನಾ?

ಸಾಲ ಕೊಟ್ಟವರು ಮತ್ತು ಷೇರುದಾರರು ತಮ್ಮ ಹಣಕ್ಕೆ ನಿರೀಕ್ಷಿಸುವ ಪ್ರತಿಫಲದ ತೂಕದ ಸರಾಸರಿಯಿಂದ ಬರುತ್ತೆ. ಒಂದೇ ದರ ಇರಬೇಕಿಲ್ಲ, ಇರಲೂಬಾರದು. ನಿಶ್ಚಿತ ಗಿರಾಕಿಗಳಿರುವ ಡಿವಿಷನ್‌ಗೂ, ಬೇಡಿಕೆ ಏರಿಳಿತದಲ್ಲಿ ತೇಲುವ ಡಿವಿಷನ್‌ಗೂ ಅಪಾಯ ಬೇರೆ ಬೇರೆ. ಉಳಿಕೆ ಆದಾಯದಲ್ಲಿ ಮೊದಲನೆಯದಕ್ಕೆ 10%, ಎರಡನೆಯದಕ್ಕೆ 15% ಅಂತ ದರ ಹಾಕಿಬಿಡಬಹುದು. ಆರ್‌ಒಐನಲ್ಲಿ ಅಪಾಯಕ್ಕೆ ಜಾಗವೇ ಇಲ್ಲ, 18% ಅಂದರೆ ಎಲ್ಲಿ ಬಂದರೂ 18%.

ಆದರೆ ಒಂದು ಕಷ್ಟ. ದರ ನಿಗದಿ ಮಾಡುವ ಮೀಟಿಂಗ್ ಬಹಳ ಬೇಗ ಚೌಕಾಶಿ ಆಗಿಬಿಡುತ್ತೆ, ಪ್ರತಿ ಮ್ಯಾನೇಜರಿಗೂ ತನ್ನ ವ್ಯವಹಾರದಲ್ಲಿ ಅಪಾಯವೇ ಇಲ್ಲ ಅನ್ನಿಸುತ್ತೆ. ದರವನ್ನು ಹೆಡ್ ಆಫೀಸ್ ವರ್ಷದ ಆರಂಭದಲ್ಲೇ ಗೊತ್ತು ಮಾಡಿ, ವರ್ಷದ ಮಧ್ಯೆ ಮುಟ್ಟದಿರೋದು ವಾಸಿ. ಬಡ್ಡಿ ದರ ಏರಿತು ಅನ್ನೋ ಕಾರಣಕ್ಕೆ ಮ್ಯಾನೇಜರ್ ಬೋನಸ್ ಕಡಿಮೆ ಆದರೆ ಅವರ ಕೈಯಲ್ಲಿ ಇಲ್ಲದ್ದಕ್ಕೆ ಶಿಕ್ಷೆ ಕೊಟ್ಟಂತೆ.

ಉಳಿಕೆ ಆದಾಯಕ್ಕೆ ಬದಲಾಗಿದ್ದೇವೆ. ಆದರೂ ಮ್ಯಾನೇಜರ್ ಲಾಭದ ಯೋಜನೆಯನ್ನು ಬೇಡ ಅಂದರು. ಇದು ಹೇಗೆ?

ಈ ಪುಟ ಬರೆಯೋಕೆ ಮುಖ್ಯ ಕಾರಣವೇ ಈ ಪ್ರಶ್ನೆ. ಸರಾಸರಿಯ ರೋಗಕ್ಕೆ ಉಳಿಕೆ ಆದಾಯ ಮದ್ದು. ಸವಕಳಿಯ ರೋಗಕ್ಕೆ ಅಲ್ಲ. ಪಾಠದ ಪುಸ್ತಕಗಳಲ್ಲಿ ಮೊದಲನೆಯದಕ್ಕೆ ಪೂರ್ತಿ ಅಧ್ಯಾಯ ಇದ್ದು ಎರಡನೆಯದು ಕೊನೆಯಲ್ಲಿ ಒಂದು ಪ್ಯಾರಾ ಆಗಿ ಉಳಿಯೋದರಿಂದ, ಅಳತೆ ಬದಲಿಸಿದ ಕಂಪನಿಗಳು ಇನ್ನು ಎಲ್ಲ ಸರಿ ಅಂದುಕೊಂಡು ಕೂತುಬಿಡುತ್ತವೆ.

ಒಂದು ಯಂತ್ರ ನೋಡೋಣ. ಬೆಲೆ 100 ಲಕ್ಷ, ಆಯಸ್ಸು 5 ವರ್ಷ, ಕೊನೆಗೆ ಗುಜರಿ ಬೆಲೆ ಏನೂ ಇಲ್ಲ. ಪ್ರತಿ ವರ್ಷ 28 ಲಕ್ಷ ನಗದು ತರುತ್ತೆ. ಬಂಡವಾಳದ ವೆಚ್ಚ ಅದೇ 12%. ಐದು ವರ್ಷದ ನಗದನ್ನು 12%ರಲ್ಲಿ ಇವತ್ತಿನ ಬೆಲೆಗೆ ತಂದರೆ 100.93 ಲಕ್ಷ. 100 ಕಳೆದರೆ ಎನ್‌ಪಿವಿ 0.93 ಲಕ್ಷ. ಚಿಕ್ಕದು, ಆದರೆ ಪ್ಲಸ್. ಯಂತ್ರ ಕೊಳ್ಳಬೇಕು.

ಈಗ ಮ್ಯಾನೇಜರ್ ಕುರ್ಚಿಯಲ್ಲಿ ಕೂತು ನೋಡಿ. ವರ್ಷಕ್ಕೆ ಸಮಾನವಾಗಿ 20 ಲಕ್ಷ ಸವಕಳಿ ಹೋದರೆ ಲಾಭ ಪ್ರತಿ ವರ್ಷ 8 ಲಕ್ಷ. ವರ್ಷದ ಆರಂಭದ ಪುಸ್ತಕ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಹೀಗೆ ಬರುತ್ತೆ:

| ವರ್ಷ | ಆರಂಭದ ಪುಸ್ತಕ ಬೆಲೆ | ಲಾಭ | ಆರ್‌ಒಐ | ಉಳಿಕೆ ಆದಾಯ |
|---|---|---|---|---|
| 1 | 100 | 8 | 8% | −4.0 |
| 2 | 80 | 8 | 10% | −1.6 |
| 3 | 60 | 8 | 13.3% | 0.8 |
| 4 | 40 | 8 | 20% | 3.2 |
| 5 | 20 | 8 | 40% | 5.6 |

ಯಂತ್ರ ಒಂದೇ, ತರುವ ನಗದು ಒಂದೇ. ಆದರೂ ಮೊದಲ ವರ್ಷ ದಂಡ, ಐದನೇ ವರ್ಷ ಚಪ್ಪಾಳೆ. ಮೊದಲ ಎರಡು ವರ್ಷ ಉಳಿಕೆ ಆದಾಯವೂ ಮೈನಸ್‌ನಲ್ಲೇ ಇದೆ, ಗಮನಿಸಿ. ನಮ್ಮ ಡಿವಿಷನ್‌ನ 52 ಲಕ್ಷ ಈ ಯಂತ್ರ ಬಂದ ವರ್ಷ 48ಕ್ಕೆ ಬೀಳುತ್ತೆ. ಎರಡು ವರ್ಷಕ್ಕೊಮ್ಮೆ ಮ್ಯಾನೇಜರುಗಳನ್ನು ಬೇರೆ ಡಿವಿಷನ್‌ಗೆ ಹಾಕುವ ಕಂಪನಿಯಲ್ಲಿ ಈ ಯಂತ್ರವನ್ನು ಯಾರೂ ಕೊಳ್ಳಲ್ಲ, ಯಾಕಂದ್ರೆ ಕೊಂಡವರ ಪಾಲಿಗೆ ಮೈನಸ್, ಅವರ ನಂತರ ಬಂದವರ ಪಾಲಿಗೆ ಪ್ಲಸ್.

ಆದರೆ ಉಳಿಕೆ ಆದಾಯ ಎನ್‌ಪಿವಿ ಜೊತೆ ಹೊಂದಿಕೊಳ್ಳುತ್ತೆ ಅಂತ ಓದಿದ್ದೆ. ಅದು ಸುಳ್ಳಾ?

ನಿಜವೇ, ಅರ್ಧ ಮಾತ್ರ ಹೇಳಿರುತ್ತಾರೆ. ಮೇಲಿನ ಕೊನೆಯ ಕಾಲಂ ತಗೊಂಡು ಪ್ರತಿ ವರ್ಷದ ಅಂಕಿಯನ್ನು 12%ರಲ್ಲಿ ಇವತ್ತಿಗೆ ತನ್ನಿ. ಮೈನಸ್ 3.57, ಮೈನಸ್ 1.28, ಪ್ಲಸ್ 0.57, 2.03, 3.18. ಕೂಡಿಸಿದರೆ 0.93. ಎನ್‌ಪಿವಿಯೂ ಅಷ್ಟೇ ಇತ್ತಲ್ವಾ? ಸವಕಳಿಯನ್ನು ಯಾವ ರೀತಿ ಹಂಚಿದರೂ ಈ ಮೊತ್ತ ಬದಲಾಗಲ್ಲ. ಈ ವರ್ಷ ಜಾಸ್ತಿ ಸವಕಳಿ ಹಾಕಿದರೆ ಲಾಭ ತಗ್ಗುತ್ತೆ, ಆದರೆ ಮುಂದಿನ ವರ್ಷಗಳ ಬಂಡವಾಳವೂ ಅಷ್ಟೇ ತಗ್ಗಿ, ಅದರ ಮೇಲಿನ ವೆಚ್ಚ ಕಡಿಮೆ ಆಗಿ ಸರಿದೂಗುತ್ತೆ. ಆರ್‌ಒಐಗೆ ಇಂಥ ಗುಣ ಇಲ್ಲ. ಐದು ವರ್ಷದ ಆರ್‌ಒಐಗಳನ್ನು ಕೂಡಿಸಿ ಭಾಗಿಸಿದರೆ 18.3% ಬರುತ್ತೆ, ಅದಕ್ಕೂ ಯಂತ್ರದ ನಿಜವಾದ ಪ್ರತಿಫಲಕ್ಕೂ ಸಂಬಂಧವೇ ಇಲ್ಲ. ನಿಜವಾದದ್ದು 12%ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ.

ಅಂದರೆ ಆಯಸ್ಸು ಪೂರ್ತಿ ನೋಡಿದರೆ ಉಳಿಕೆ ಆದಾಯ ಸತ್ಯ ಹೇಳುತ್ತೆ. ಒಂದೊಂದೇ ವರ್ಷ ನೋಡಿದರೆ ಹೇಳಲ್ಲ. ಬೋನಸ್ ಕೊಡೋದು ಮಾತ್ರ ವರ್ಷಕ್ಕೊಮ್ಮೆ.

ಹಾಗಾದ್ರೆ ಪರಿಹಾರ ಏನು?

ಲೆಕ್ಕದ ದಾರಿ ಒಂದಿದೆ, ಆನ್ಯುಯಿಟಿ ಸವಕಳಿ ಅಂತ. ಸಾಲದ ಇಎಂಐ ಲೆಕ್ಕದ ಹಾಗೇ ಇದು. 100 ಲಕ್ಷವನ್ನು 12%ರಲ್ಲಿ 5 ಸಮ ಕಂತುಗಳಲ್ಲಿ ತೀರಿಸಬೇಕಾದರೆ ವರ್ಷಕ್ಕೆ 27.74 ಲಕ್ಷ. ಮೊದಲ ವರ್ಷ ಅದರಲ್ಲಿ 12 ಬಂಡವಾಳದ ವೆಚ್ಚ, ಉಳಿದ 15.74 ಸವಕಳಿ. ಎರಡನೇ ವರ್ಷ ಪುಸ್ತಕ ಬೆಲೆ 84.26ಕ್ಕೆ ಇಳಿದಿರುತ್ತೆ, ವೆಚ್ಚ 10.11, ಸವಕಳಿ 17.63. ಹೀಗೇ ಸವಕಳಿ ಏರುತ್ತಾ, ವೆಚ್ಚ ಇಳಿಯುತ್ತಾ ಹೋಗುತ್ತೆ. ಎರಡರ ಮೊತ್ತ ಮಾತ್ರ ಯಾವಾಗಲೂ 27.74. ನಗದು 28. ಹಾಗಾಗಿ ಉಳಿಕೆ ಆದಾಯ ಐದೂ ವರ್ಷ 0.26 ಲಕ್ಷ. ಮೊದಲ ದಿನದಿಂದಲೇ ಪ್ಲಸ್.

ಇದು ಸುಂದರ, ಆದರೆ ಬಳಸೋರು ಕಡಿಮೆ. ವರ್ಷ ವರ್ಷ ಏರುವ ಸವಕಳಿ ಅಂದರೆ ಆಡಿಟರ್‌ಗಳು ಹುಬ್ಬೇರಿಸುತ್ತಾರೆ, ಹಾಗಾಗಿ ಒಳಗಿನ ವರದಿಗೆ ಅಂತಲೇ ಬೇರೆ ಪುಸ್ತಕ ಇಡಬೇಕು. ಅದೂ ಅಲ್ಲದೆ ನಗದು ಸಮನಾಗಿ ಬರುವ ಯೋಜನೆಗೆ ಮಾತ್ರ ಇದು ಇಷ್ಟು ನೀಟಾಗಿ ಕೂರುತ್ತೆ. ಮೊದಲ ಎರಡು ವರ್ಷ ಮಾರಾಟವೇ ಇಲ್ಲದೆ ಆಮೇಲೆ ಏರುವ ಹೊಸ ಉತ್ಪನ್ನಕ್ಕೆ ಆನ್ಯುಯಿಟಿ ಹಾಕಿದರೂ ಆರಂಭದಲ್ಲಿ ಮೈನಸ್ ಬಂದೇ ಬರುತ್ತೆ.

ನನ್ನ ಆಯ್ಕೆ ಇದಕ್ಕಿಂತ ಒರಟು. ಮಂಜೂರಾತಿ ಕೊಡುವಾಗಲೇ ಮೇಲಿನಂಥ ಟೇಬಲ್ಲನ್ನು ಪ್ರಸ್ತಾವದ ಜೊತೆ ಲಗತ್ತಿಸಿ, ಆ ವರ್ಷಗಳ ಬಜೆಟ್‌ಗೆ ಅದೇ ಅಂಕಿಗಳನ್ನು ಸೇರಿಸಿ. ಮೊದಲ ವರ್ಷ ಮೈನಸ್ 4 ಬರುತ್ತೆ ಅಂತ ಎಲ್ಲರೂ ಒಪ್ಪಿ ಸಹಿ ಹಾಕಿದ್ದರೆ, ಮೈನಸ್ 3.5 ತಂದ ಮ್ಯಾನೇಜರ್ ಗುರಿ ಮೀರಿದ್ದಾರೆ ಅಂತ ಅರ್ಥ. ಪ್ರಸ್ತಾವದಲ್ಲಿ ಕನಸು ತುಂಬಿಸಿದವರೂ ಇಲ್ಲೇ ಸಿಕ್ಕಿಬೀಳುತ್ತಾರೆ, ಯಾಕಂದ್ರೆ ಅವರ ಕನಸೇ ಅವರ ಬಜೆಟ್ ಆಗಿರುತ್ತೆ.

ಸವಕಳಿ ಕಳೆಯದೆ ಮೂಲ ಬೆಲೆಯ ಮೇಲೇ ಲೆಕ್ಕ ಹಾಕಿದರೆ?

ಆಗ ಆರ್‌ಒಐ ಐದೂ ವರ್ಷ 8%ದಲ್ಲೇ ನಿಲ್ಲುತ್ತೆ, ಹಳೆಯ ಯಂತ್ರ ಎಳೆಯುವ ಆಸೆ ಹೋಗುತ್ತೆ. ಬದಲಿಗೆ ಇನ್ನೊಂದು ಆಸೆ ಹುಟ್ಟುತ್ತೆ: ಚೆನ್ನಾಗೇ ಓಡುತ್ತಿರುವ ಹಳೆಯ ಯಂತ್ರವನ್ನು ಗುಜರಿಗೆ ಹಾಕಿಬಿಟ್ಟರೆ ಅದರ ಪೂರ್ತಿ ಮೂಲ ಬೆಲೆ ಛೇದದಿಂದ ಮಾಯ. ಉಳಿಕೆ ಆದಾಯವನ್ನು ಮೂಲ ಬೆಲೆಯ ಮೇಲೆ ಹಾಕಿದರಂತೂ ಎನ್‌ಪಿವಿ ಜೊತೆಗಿನ ಆ ಹೊಂದಾಣಿಕೆಯೂ ಮುರಿಯುತ್ತೆ. ಬೇಡ.

ದೊಡ್ಡ ಡಿವಿಷನ್‌ಗೆ ಉಳಿಕೆ ಆದಾಯ ತಾನಾಗೇ ಜಾಸ್ತಿ ಬರುತ್ತಲ್ಲ, ಇದು ಅನ್ಯಾಯ ಅಲ್ವಾ?

ಹೌದು, ಹೋಲಿಸಿದರೆ ಅನ್ಯಾಯ. 1000 ಲಕ್ಷದ ಮೇಲೆ 130 ಗಳಿಸಿದ ಡಿವಿಷನ್‌ಗೆ 10 ಲಕ್ಷ ಉಳಿಯುತ್ತೆ. 100 ಲಕ್ಷದ ಮೇಲೆ 20 ಗಳಿಸಿದ ಡಿವಿಷನ್‌ಗೆ 8. ಮೊದಲನೆಯವರು ಎರಡನೆಯವರಿಗಿಂತ ಉತ್ತಮ ಮ್ಯಾನೇಜರ್ ಅಂತ ಯಾರೂ ಹೇಳಲ್ಲ. ಆರ್‌ಒಐ ಇನ್ನೂ ಬದುಕಿರೋದೇ ಈ ಕಾರಣಕ್ಕೆ, ಗಾತ್ರ ಬೇರೆ ಇದ್ದರೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದು.

ಹಾಗಾಗಿ ಉಳಿಕೆ ಆದಾಯವನ್ನು ಡಿವಿಷನ್‌ಗಳ ನಡುವೆ ಹೋಲಿಸಬೇಡಿ. ಅದರದೇ ಬಜೆಟ್ ಜೊತೆ, ಅದರದೇ ಹೋದ ವರ್ಷದ ಜೊತೆ ಹೋಲಿಸಿ. ಮೇಲೆ ಹೇಳಿದ ಕುಂಟುವ ಡಿವಿಷನ್‌ಗೆ ಹೊಸ ಮ್ಯಾನೇಜರ್ ಬಂದು ಮೈನಸ್ 12ನ್ನು ಮೈನಸ್ 8ಕ್ಕೆ ತಂದರೆ ಅದು 4 ಲಕ್ಷದ ಕೆಲಸ. ಡಿವಿಷನ್ ಇನ್ನೂ ಕೆಟ್ಟದಾಗೇ ಇದೆ, ಮ್ಯಾನೇಜರ್ ಕೆಲಸ ಚೆನ್ನಾಗಿದೆ. ಇವೆರಡೂ ಬೇರೆ ಬೇರೆ ತೀರ್ಮಾನ. ಡಿವಿಷನ್ ಮುಚ್ಚಬೇಕಾ ಅಂತ ಕೇಳುವಾಗ ಹೆಡ್ ಆಫೀಸ್ ಹಂಚಿದ ಖರ್ಚೂ ಸೇರಿ ಎಲ್ಲ ಲೆಕ್ಕಕ್ಕೆ ಬರಬೇಕು. ಮ್ಯಾನೇಜರಿಗೆ ಬಡ್ತಿ ಕೊಡಬೇಕಾ ಅಂತ ಕೇಳುವಾಗ ಅವರ ಕೈಯಲ್ಲಿ ಇರುವ ಲಾಭ, ಅವರು ಬೇಕು ಬೇಡ ಅನ್ನಬಹುದಾದ ಆಸ್ತಿ, ಇಷ್ಟೇ.

ಬಂಡವಾಳವನ್ನು ಯಾವ ದಿನದ್ದು ತಗೋಬೇಕು?

ಕೊನೆಯ ದಿನದ್ದು ಮಾತ್ರ ಬೇಡ. ತಗೊಂಡರೆ ವರ್ಷದ ಕೊನೆಯ ತಿಂಗಳಲ್ಲಿ ದಾಸ್ತಾನು ತಳ ಕಾಣುತ್ತೆ, ಯಂತ್ರದ ಡೆಲಿವರಿ ಮುಂದಿನ ವರ್ಷದ ಮೊದಲ ವಾರಕ್ಕೆ ಹೋಗುತ್ತೆ, ಆಮೇಲೆ ಸರಕಿಲ್ಲದೆ ಆರ್ಡರ್ ತಪ್ಪುತ್ತೆ. ತಿಂಗಳುಗಳ ಸರಾಸರಿ ತಗೊಂಡರೆ ಈ ಆಟ ನಿಲ್ಲುತ್ತೆ. ಆರ್‌ಒಐ, ಉಳಿಕೆ ಆದಾಯ ಎರಡಕ್ಕೂ ಇದೇ ಮಾತು.

ಇವಿಎ ಅಂದರೆ ಇದೇನಾ?

ಅದೇ ಮನೆತನ. ಉಳಿಕೆ ಆದಾಯ ಅನ್ನೋ ಹೆಸರನ್ನು 1950ರ ದಶಕದಲ್ಲಿ ಬಳಕೆಗೆ ತಂದದ್ದು ಜನರಲ್ ಎಲೆಕ್ಟ್ರಿಕ್. ಇವಿಎ, ಅಂದರೆ ಎಕನಾಮಿಕ್ ವ್ಯಾಲ್ಯೂ ಆ್ಯಡೆಡ್, ಅನ್ನೋದು ಸ್ಟರ್ನ್ ಸ್ಟೂವರ್ಟ್ ಸಲಹಾ ಸಂಸ್ಥೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡ ಹೆಸರು. ತೆರಿಗೆ ಕಳೆದ ಲಾಭ ತಗೊಂಡು, ಸಂಶೋಧನೆ ಮತ್ತು ಬ್ರ್ಯಾಂಡ್ ಜಾಹೀರಾತಿನಂಥ ಖರ್ಚನ್ನು ಒಂದೇ ವರ್ಷದ ಖರ್ಚು ಅನ್ನದೆ ಬಂಡವಾಳ ಅಂತ ತಿದ್ದುವುದು ಅದರ ವಿಶೇಷ. ಈ ತಿದ್ದುಪಡಿಗೆ ಅರ್ಥ ಇದೆ, ಇಲ್ಲದಿದ್ದರೆ ಬೋನಸ್‌ಗಾಗಿ ಮೊದಲು ಕತ್ತರಿಸೋದು ಸಂಶೋಧನೆಯನ್ನೇ. ಆದರೆ ತಿದ್ದುಪಡಿಗಳು ಜಾಸ್ತಿಯಾದರೆ ತನ್ನ ಅಂಕಿ ಎಲ್ಲಿಂದ ಬಂತು ಅಂತ ಮ್ಯಾನೇಜರಿಗೇ ಅರ್ಥ ಆಗಲ್ಲ.

ನಮ್ಮ ಆಡಳಿತ ಮಂಡಳಿ ಆರ್‌ಒಐ ಬಿಡೋಕೆ ತಯಾರಿಲ್ಲ. ಏನು ಮಾಡಲಿ?

ಬಿಡಿಸೋಕೆ ಹೋಗಬೇಡಿ. 1910ರ ದಶಕದಲ್ಲಿ ಡೊನಾಲ್ಡ್‌ಸನ್ ಬ್ರೌನ್ ಡುಪಾಂಟ್ ಕಂಪನಿಯಲ್ಲಿ ಆರ್‌ಒಐಯನ್ನು ಎರಡು ಭಾಗ ಮಾಡಿ ತೋರಿಸಿದರು: ಮಾರಾಟದ ಮೇಲಿನ ಲಾಭದ ಪ್ರಮಾಣ, ಬಂಡವಾಳ ಎಷ್ಟು ಸಲ ಮಾರಾಟವಾಗಿ ತಿರುಗಿತು ಅನ್ನೋದು. ತೊಂದರೆ ಬೆಲೆಯಲ್ಲಿದೆಯಾ, ಗೋದಾಮಿನಲ್ಲಿದೆಯಾ ಅಂತ ಹುಡುಕೋಕೆ ಇವತ್ತಿಗೂ ಇದು ಒಳ್ಳೆಯ ಸಾಧನ. ಅದು ಅಷ್ಟಕ್ಕೇ ಇರಲಿ.

ಬೋನಸ್ ಸೂತ್ರದಲ್ಲಿ ಮಾತ್ರ ಒಂದು ಬದಲಾವಣೆ ಕೇಳಿ: ಆರ್‌ಒಐ ಗುರಿಯ ಜಾಗದಲ್ಲಿ ಬಜೆಟ್‌ಗೆ ಹೋಲಿಸಿದ ಉಳಿಕೆ ಆದಾಯ. ಅದಕ್ಕೂ ಒಪ್ಪದಿದ್ದರೆ ಹೊಸ ಹೂಡಿಕೆಗಳನ್ನು ಮೊದಲ ಎರಡು ವರ್ಷ ಡಿವಿಷನ್‌ನ ಆರ್‌ಒಐಯಿಂದ ಹೊರಗಿಟ್ಟು ಬೇರೆಯಾಗಿ ವರದಿ ಮಾಡಿ. ಆಮೇಲೆ ಪ್ರಸ್ತಾವಗಳ ಪಟ್ಟಿ ಮತ್ತೆ ತೆಗೆದು ನೋಡಿ, 12ಕ್ಕೂ 25ಕ್ಕೂ ನಡುವಿನವು ಬರೋಕೆ ಶುರುವಾಗಿದೆಯಾ ಅಂತ.